ಕಲ್ಲು ನೋಡಲು ಹೋದಾಗ ಸಿಕ್ಕ 7 ಮಿ.ಮೀ. ನಾಡ್ಯೂಲ್

ಫಸ್ಟ್ ಇಯರ್ ಮತ್ತು ಸೆಕೆಂಡ್ ಇಯರ್ ರೆಸಿಡೆಂಟ್‌ಗಳಿಗಾಗಿ. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ಕೇಸ್

59 ವರ್ಷದ ಗಂಡಸು. ಮಲೆನಾಡಿನ ಕಡೆಯ ಅಡಿಕೆ ಬೆಳೆಗಾರರು. ಹಿಂದಿನ ರಾತ್ರಿಯಿಂದ ಬಲಗಡೆ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು, ಎರಡು ಸಲ ವಾಂತಿ. ಕ್ಯಾಶುವಾಲ್ಟಿಯಿಂದ ಬಂದ ರಿಕ್ವೆಸ್ಟ್ ಫಾರ್ಮಿನಲ್ಲಿ ಇದ್ದದ್ದು ಒಂದೇ ಸಾಲು: ಬಲ ಮೂತ್ರನಾಳದ ಕಲ್ಲು ಇದೆಯೇ? ಬೀಡಿಯ ಮಾತಿಲ್ಲ, ಹಳೇ ಕಾಯಿಲೆಯ ಮಾತೂ ಇಲ್ಲ.

ಕಾಂಟ್ರಾಸ್ಟ್ ಇಲ್ಲದೆ, ಲೋ ಡೋಸ್‌ನಲ್ಲಿ ಸಿಟಿ ಕೆಯುಬಿ ಆಯಿತು. ಬಲ ವಿಯುಜೆ ಹತ್ತಿರ 5 ಮಿ.ಮೀ. ಕಲ್ಲು, ಸ್ವಲ್ಪ ಹೈಡ್ರೊನೆಫ್ರೋಸಿಸ್. ರಾತ್ರಿ ಡ್ಯೂಟಿಯಲ್ಲಿದ್ದ ರೆಸಿಡೆಂಟ್ ಹತ್ತು ನಿಮಿಷದಲ್ಲಿ ಡ್ರಾಫ್ಟ್ ರಿಪೋರ್ಟ್ ಬರೆದಿಟ್ಟರು. ಕಲ್ಲಿನ ಗಾತ್ರ ಸರಿ, ಜಾಗ ಸರಿ, ಎಚ್‌ಯು ಕೂಡ ಹಾಕಿದ್ದರು. ಕೊನೆಯ ಸಾಲು: ಕಾಣುವಷ್ಟು ಶ್ವಾಸಕೋಶದ ತಳಭಾಗ ನಾರ್ಮಲ್.

ಆ ಸಾಲು ನೋಡಿ ಬರೆದದ್ದಲ್ಲ, ಟೆಂಪ್ಲೇಟಿನಲ್ಲಿ ಮೊದಲೇ ಕೂತಿದ್ದದ್ದು. ಇದನ್ನು ಬೈಯಲು ಹೇಳುತ್ತಿಲ್ಲ. ನಾನು ರೆಸಿಡೆಂಟ್ ಆಗಿದ್ದಾಗ ಇದೇ ಸಾಲನ್ನು ಎಷ್ಟು ಸಲ ಬಿಟ್ಟಿದ್ದೇನೋ ಲೆಕ್ಕವಿಲ್ಲ. ನೋವಿಗೆ ಕಾರಣ ಸಿಕ್ಕ ಕೂಡಲೇ ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಈಗ ನಾನು ಮಾಡುವುದು ಇಷ್ಟೇ: ಟೆಂಪ್ಲೇಟಿನಿಂದ ಆ ಸಾಲನ್ನೇ ಅಳಿಸಿಬಿಟ್ಟಿದ್ದೇನೆ. ಲಂಗ್ ವಿಂಡೋ ಹಾಕಿ ನೋಡಿದರೆ ಮಾತ್ರ ಕೈಯಾರೆ ಟೈಪ್ ಮಾಡುತ್ತೇನೆ.

ಬೆಳಿಗ್ಗೆ W 1500, L -600 ಹಾಕಿ ಮೇಲಿನ ಸ್ಲೈಸ್‌ಗಳನ್ನು ನೋಡಿದಾಗ ಎಡ ಲೋವರ್ ಲೋಬ್‌ನ ತಳದಲ್ಲಿ, ಹಿಂಬದಿಗೆ, ಒಂದು ಸಾಲಿಡ್ ನಾಡ್ಯೂಲ್ ಇತ್ತು. ನೋವು ಬಲಕ್ಕೆ, ನಾಡ್ಯೂಲ್ ಎಡಕ್ಕೆ.

ನಿಜವಾಗಿ ನಾಡ್ಯೂಲೇ?

ಶ್ವಾಸಕೋಶದ ತಳದಲ್ಲಿ ಮೋಸ ಜಾಸ್ತಿ. ರಕ್ತನಾಳ ಅಡ್ಡ ಕತ್ತರಿಸಿದಂತೆ ಕಂಡರೆ ದುಂಡಗೇ ಕಾಣುತ್ತದೆ. ಮಲಗಿದವರ ಬೆನ್ನಿನ ಕಡೆ ಎಟೆಲೆಕ್ಟಾಸಿಸ್ ಇರುತ್ತದೆ. ನೋವಿನಲ್ಲಿರುವವರು ಉಸಿರು ಹಿಡಿಯುವುದಿಲ್ಲ, ಚಿತ್ರ ಅಲುಗಾಡಿರುತ್ತದೆ. ಹಾಗಾಗಿ ಮೇಲೆ ಕೆಳಗೆ ಸ್ಕ್ರಾಲ್ ಮಾಡಿ, ಅದು ಯಾವುದಾದರೂ ನಾಳಕ್ಕೆ ಸೇರಿಕೊಳ್ಳುತ್ತದೆಯೇ ನೋಡಿ. ಕೊರೋನಲ್ ಮತ್ತು ಸ್ಯಾಜಿಟಲ್‌ನಲ್ಲೂ ನೋಡಿ. ಇದು ಮೂರೂ ಕಡೆ ದುಂಡಗೇ ಉಳಿಯಿತು.

ಪ್ಯಾಕ್ಸ್‌ಗೆ ಬಂದಿದ್ದದ್ದು 5 ಮಿ.ಮೀ. ಸ್ಲೈಸ್. ಟೆಕ್ನಿಷಿಯನ್‌ಗೆ ಫೋನ್ ಮಾಡಿ 1 ಮಿ.ಮೀ. ರೀಕನ್ಸ್ಟ್ರಕ್ಷನ್ ಮಾಡಿಸಿದೆವು. ಇದನ್ನು ನಾಳೆಗೆ ಬಿಡಬೇಡಿ. ರಾ ಡೇಟಾ ಸ್ಕ್ಯಾನರಿನಲ್ಲಿ ಕೆಲವು ದಿನ ಮಾತ್ರ ಇರುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ದಪ್ಪ ಸ್ಲೈಸಿನಲ್ಲಿ ಅಳತೆ ತಪ್ಪುತ್ತದೆ, ಸಣ್ಣ ಕ್ಯಾಲ್ಸಿಫಿಕೇಶನ್ ಮಾಯವಾಗುತ್ತದೆ, ಕೊಬ್ಬು ಇದ್ದರೂ ಗೊತ್ತಾಗುವುದಿಲ್ಲ.

ತೆಳು ಸ್ಲೈಸಿನಲ್ಲಿ ಉದ್ದ 8, ಅದೇ ಚಿತ್ರದಲ್ಲಿ ಅದಕ್ಕೆ ಅಡ್ಡಡ್ಡಲಾಗಿ 6. ಸರಾಸರಿ 7 ಮಿ.ಮೀ. ಫ್ಲೈಷ್ನರ್ ಸೊಸೈಟಿಯ 2017ರ ಶಿಫಾರಸುಗಳಲ್ಲಿ ಬಳಸುವುದು ಈ ಸರಾಸರಿಯನ್ನೇ, ಹತ್ತಿರದ ಪೂರ್ಣ ಮಿ.ಮೀ.ಗೆ. 7.3 ಎಂದು ಬರೆದರೆ ಕೈಯಲ್ಲಿ ಇಲ್ಲದ ನಿಖರತೆಯನ್ನು ಇದೆ ಎಂದು ಹೇಳಿದಂತೆ.

ಕ್ಯಾಲ್ಸಿಯಂ ಇದೆಯೇ ಎಂದು ಸಾಫ್ಟ್ ಕರ್ನೆಲ್‌ನ ತೆಳು ಚಿತ್ರದಲ್ಲಿ ನೋಡಬೇಕು. ಶಾರ್ಪ್ ಕರ್ನೆಲ್ ಅಂಚನ್ನು ಎತ್ತಿ ತೋರಿಸುತ್ತದೆ, ಹಾಗಾಗಿ ಎಚ್‌ಯು ಸುಳ್ಳೇ ಏರುತ್ತದೆ. ಪೂರ್ತಿ ತುಂಬಿದ, ನಡುವಿನಲ್ಲಿರುವ, ಪದರ ಪದರವಾದ, ಪಾಪ್‌ಕಾರ್ನ್‌ನಂಥ ಕ್ಯಾಲ್ಸಿಫಿಕೇಶನ್ ಇದ್ದರೆ ನೆಮ್ಮದಿ. ಇಲ್ಲಿ ಯಾವುದೂ ಇರಲಿಲ್ಲ. ಹಮಾರ್ಟೋಮಾ ಎನ್ನಲು ಬೇಕಾದ ಕೊಬ್ಬೂ ಇಲ್ಲ. ಫಿಶರ್‌ಗೆ ಅಂಟಿಕೊಂಡು ತ್ರಿಕೋನವಾಗಿದ್ದಿದ್ದರೆ ಲಿಂಫ್ ನೋಡ್ ಎಂದು ಬಿಟ್ಟುಬಿಡಬಹುದಿತ್ತು, ಅದೂ ಅಲ್ಲ.

ವಾರ್ಡಿಗೆ ಹೋಗಿ ಬಂದದ್ದು

ಸೆಕೆಂಡ್ ಇಯರ್ ರೆಸಿಡೆಂಟ್ ಒಬ್ಬರು ವಾರ್ಡಿಗೇ ಹೋಗಿ ಮಾತಾಡಿಸಿದರು. ಈ ಕೇಸಿನಲ್ಲಿ ಇದಕ್ಕಿಂತ ಹೆಚ್ಚು ಬೆಲೆಬಾಳುವ ಹತ್ತು ನಿಮಿಷ ಇನ್ನೊಂದಿಲ್ಲ.

"ಅಂಕಲ್, ಬೀಡಿ ಸೇದ್ತೀರಾ?"

"ಮೊದಲು ದಿನಕ್ಕೊಂದು ಕಟ್ಟು. ಈಗ ಕಮ್ಮಿ ಮಾಡೀನಿ ಡಾಕ್ಟ್ರೇ."

ಮೂವತ್ತೈದು ವರ್ಷದ ಅಭ್ಯಾಸ. ಇಪ್ಪತ್ತು ವರ್ಷದ ಹಿಂದೆ ಟಿಬಿಗೆ ಆರು ತಿಂಗಳು ಮಾತ್ರೆ ತಿಂದಿದ್ದರು. ಕ್ಯಾನ್ಸರ್ ಬಂದದ್ದಿಲ್ಲ, ಇಮ್ಯುನಿಟಿ ಕುಗ್ಗಿಸುವ ಔಷಧಿ ಇಲ್ಲ. ಈ ಎರಡು ಪ್ರಶ್ನೆ ಕೇಳಲೇಬೇಕು. ಏಕೆಂದರೆ ಗೊತ್ತಿರುವ ಕ್ಯಾನ್ಸರ್ ಇದ್ದವರಿಗೆ, ಇಮ್ಯುನಿಟಿ ಕಡಿಮೆ ಇದ್ದವರಿಗೆ, 35ಕ್ಕಿಂತ ಚಿಕ್ಕವರಿಗೆ ಫ್ಲೈಷ್ನರ್ ಪಟ್ಟಿ ಅನ್ವಯಿಸುವುದಿಲ್ಲ.

ಟಿಬಿ ಎಂದ ಕೂಡಲೇ ರೀಡಿಂಗ್ ರೂಮಿನಲ್ಲಿ ಎಲ್ಲರ ಭುಜ ಸ್ವಲ್ಪ ಇಳಿಯಿತು. "ಹಾಗಾದ್ರೆ ಹಳೇ ಗ್ರಾನುಲೋಮಾ, ಅಲ್ವಾ ಮೇಡಂ?" ಇರಬಹುದು. ನಮ್ಮ ಕಡೆ ಇಂಥ ನಾಡ್ಯೂಲ್‌ಗಳಲ್ಲಿ ಗ್ರಾನುಲೋಮಾ ಬೇಕಾದಷ್ಟಿವೆ. ಆದರೆ ಟಿಬಿ ಬಂದವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂದೇನೂ ಇಲ್ಲ. ಕ್ಯಾಲ್ಸಿಯಂ ಇಲ್ಲದ ನಾಡ್ಯೂಲನ್ನು ಬರೀ ಹಿಸ್ಟರಿಯ ಬಲದ ಮೇಲೆ ಗ್ರಾನುಲೋಮಾ ಎಂದು ಬರೆಯುವ ಧೈರ್ಯ ನನಗಿಲ್ಲ.

ಹಾಗಾದರೆ ಪಟ್ಟಿ ಏನು ಹೇಳುತ್ತದೆ? ಒಂಟಿ ಸಾಲಿಡ್ ನಾಡ್ಯೂಲ್, 6ರಿಂದ 8 ಮಿ.ಮೀ., ರಿಸ್ಕ್ ಜಾಸ್ತಿ ಇರುವವರು: 6ರಿಂದ 12 ತಿಂಗಳಿಗೆ ಸಿಟಿ, ಮತ್ತೆ 18ರಿಂದ 24 ತಿಂಗಳಿಗೆ. ಆದರೆ ನಾವು ನೋಡಿದ್ದು ಪೂರ್ತಿ ಎದೆಯಲ್ಲ, ಹೊಟ್ಟೆಯ ಸಿಟಿಯ ಮೇಲಂಚು. ಇಂಥದ್ದರಲ್ಲಿ ಈ ಗಾತ್ರದ ನಾಡ್ಯೂಲ್ ಸಿಕ್ಕರೆ, ರಿಸ್ಕ್ ನೋಡಿಕೊಂಡು 3ರಿಂದ 12 ತಿಂಗಳೊಳಗೆ ಪೂರ್ತಿ ಎದೆಯ ಸಿಟಿ ಮಾಡಿ ಎನ್ನುತ್ತದೆ. 6ಕ್ಕಿಂತ ಚಿಕ್ಕದಾಗಿದ್ದರೆ ಬೇಡ. ತುಂಬಾ ದೊಡ್ಡದೋ, ಅನುಮಾನ ಹುಟ್ಟಿಸುವಂಥದ್ದೋ ಆದರೆ ಈಗಲೇ ಮಾಡಿ.

ಅಲ್ಲಿಗೇ ನಿಲ್ಲಿಸಿದ್ದರೆ "3 ತಿಂಗಳಿಗೆ ಸಿಟಿ" ಎಂದು ಬರೆಯುತ್ತಿದ್ದೆವು, ತಪ್ಪೂ ಆಗುತ್ತಿರಲಿಲ್ಲ. ಆದರೆ ವಾರ್ಡಿಗೆ ಹೋಗಿದ್ದ ರೆಸಿಡೆಂಟ್ ಇನ್ನೊಂದು ಪ್ರಶ್ನೆ ಕೇಳಿ ಬಂದಿದ್ದರು: ಮೊದಲು ಯಾವಾಗಲಾದರೂ ಸ್ಕ್ಯಾನ್ ಮಾಡಿಸಿದ್ದೀರಾ?

ಫಿಲ್ಮ್ ಕವರ್

ಮಾಡಿಸಿದ್ದರು. 22 ತಿಂಗಳ ಹಿಂದೆ, ಬೇರೆ ಊರಿನಲ್ಲಿ, ಆಗಲೂ ಕಲ್ಲಿಗೇ. ಮಗ ಮಾರನೇ ದಿನ ಊರಿಂದ ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಫಿಲ್ಮಿನಲ್ಲಿ ಲಂಗ್ ವಿಂಡೋ ಹಾಕಿರಲಿಲ್ಲ. ಆದರೆ ಕವರಿನ ತಳದಲ್ಲಿ ಒಂದು ಸಿಡಿ ಇತ್ತು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಸಿಡಿ ಓದುವ ಕಂಪ್ಯೂಟರ್ ಉಳಿದಿರುವುದು ಒಂದೇ, ಸ್ಟೋರ್ ರೂಮಿನಲ್ಲಿ. ಅದನ್ನು ಎಸೆಯಬೇಡಿ ಎಂದು ಎರಡು ವರ್ಷದಿಂದ ಜಗಳ ಮಾಡುತ್ತಿದ್ದೇನೆ.

ಅದೇ ಜಾಗದಲ್ಲಿ ಸಣ್ಣದೊಂದು ಚುಕ್ಕೆ. ಸರಾಸರಿ 4 ಮಿ.ಮೀ. ಆ ರಿಪೋರ್ಟಿನಲ್ಲೂ ಶ್ವಾಸಕೋಶದ ತಳ ನಾರ್ಮಲ್ ಎಂದೇ ಇತ್ತು.

4ರಿಂದ 7. ಎರಡು ಮಿ.ಮೀ. ಅಥವಾ ಹೆಚ್ಚು ಬೆಳೆದರೆ ನಿಜವಾದ ಬೆಳವಣಿಗೆ ಎಂದು ತೆಗೆದುಕೊಳ್ಳುತ್ತೇವೆ. ಎಷ್ಟು ವೇಗ? ವಾಲ್ಯೂಮ್ ಇಮ್ಮಡಿಯಾಗಲು ಬೇಕಾದ ದಿನಗಳ ಲೆಕ್ಕ:

```
VDT = t × ln 2 / (3 × ln(d2/d1))
    = 670 × 0.693 / (3 × ln(7/4))
    ≈ 277
```

277 ದಿನ. ಸಾಲಿಡ್ ಕ್ಯಾನ್ಸರ್‌ಗಳು ಸಾಮಾನ್ಯವಾಗಿ 100ರಿಂದ 400 ದಿನದೊಳಗೆ ಇಮ್ಮಡಿಯಾಗುತ್ತವೆ. ಆದರೆ ಇಲ್ಲೊಂದು ಕ್ಷಣ ತಡೆಯಿರಿ. ಹಳೇ ಸ್ಕ್ಯಾನ್ 5 ಮಿ.ಮೀ. ಸ್ಲೈಸಿನದು. 4 ಮಿ.ಮೀ. ನಾಡ್ಯೂಲ್ ಅಂಥ ಸ್ಲೈಸಿನಲ್ಲಿ ಅರ್ಧ ಕರಗಿದಂತೆ ಕಾಣುತ್ತದೆ. ಅದು ನಿಜವಾಗಿ 5 ಇದ್ದಿದ್ದರೆ? ಆಗ ಲೆಕ್ಕ 460 ದಿನಕ್ಕೆ ಬರುತ್ತದೆ. ಒಂದೇ ಒಂದು ಮಿ.ಮೀ. ಆಚೀಚೆಗೆ ಉತ್ತರ ಇಷ್ಟು ಓಡಾಡುತ್ತದೆ. ವ್ಯಾಸ ಕಾಲು ಭಾಗ ಬೆಳೆದರೆ ವಾಲ್ಯೂಮ್ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಅದಕ್ಕೇ ಹೀಗೆ. ಹಾಗಾಗಿ ರಿಪೋರ್ಟಿನಲ್ಲಿ 277 ಎಂದು ಬರೆಯಲಿಲ್ಲ. "ಬೆಳೆದಿದೆ, ಹಳೆಯದು ದಪ್ಪ ಸ್ಲೈಸ್" ಎಂದಷ್ಟೇ ಬರೆದೆವು. ಬೆಳೆದಿಲ್ಲ ಎನ್ನುವ ಹಾಗೆ ಮಾತ್ರ ಯಾವ ಲೆಕ್ಕದಲ್ಲೂ ಇರಲಿಲ್ಲ.

ಇದೇ ಲೆಕ್ಕ ಇನ್ನೊಂದು ಮಾತು ಹೇಳುತ್ತದೆ. ಈ ವೇಗದಲ್ಲಿ ಮೂರು ತಿಂಗಳು ಕಾದರೆ 7 ಇದ್ದದ್ದು 7.5 ಆಗುತ್ತದೆ. ನಮ್ಮ ಅಳತೆಯ ತಪ್ಪೇ ಅದಕ್ಕಿಂತ ದೊಡ್ಡದು. ಮೂರು ತಿಂಗಳ ನಂತರ "ಬದಲಾವಣೆ ಇಲ್ಲ" ಎಂದು ಬರೆದು ಎಲ್ಲರೂ ಸುಮ್ನೆ ನಿರಾಳವಾಗುತ್ತಿದ್ದೆವು.

ರಿಪೋರ್ಟ್

ಇಂಪ್ರೆಷನ್ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

1. ಬಲ ವಿಯುಜೆಯಲ್ಲಿ 5 ಮಿ.ಮೀ. ಕಲ್ಲು, ಸ್ವಲ್ಪ ಹೈಡ್ರೊನೆಫ್ರೋಸಿಸ್.
2. ಎಡ ಲೋವರ್ ಲೋಬ್‌ನ ಹಿಂಬದಿಯ ತಳದಲ್ಲಿ 7 ಮಿ.ಮೀ. ಸಾಲಿಡ್ ನಾಡ್ಯೂಲ್. ಕ್ಯಾಲ್ಸಿಯಂ, ಕೊಬ್ಬು ಇಲ್ಲ. 22 ತಿಂಗಳ ಹಿಂದಿನ ಸಿಟಿಯಲ್ಲಿ 4 ಮಿ.ಮೀ. (5 ಮಿ.ಮೀ. ಸ್ಲೈಸ್). ಬೆಳೆದಿದೆ. ಪೂರ್ತಿ ಎದೆಯ ತೆಳು ಸ್ಲೈಸ್ ಸಿಟಿ ಈಗಲೇ ಬೇಕು, ಪಲ್ಮನಾಲಜಿಗೆ ತೋರಿಸಬೇಕು. ಯುರಾಲಜಿ ಯೂನಿಟ್‌ನ ಸೀನಿಯರ್‌ಗೆ ಫೋನಿನಲ್ಲಿ ತಿಳಿಸಿದೆ, ಮಧ್ಯಾಹ್ನ 12:40.

ಫೋನ್ ಮಾಡಿದ ಸಮಯ ಬರೆಯುವುದು ಕೋರ್ಟಿನ ಭಯಕ್ಕಲ್ಲ. ಕಲ್ಲು ಮೂರನೇ ದಿನ ತಾನಾಗಿಯೇ ಬಿದ್ದುಹೋಯಿತು. ನೋವಿಲ್ಲ, ಡಿಸ್ಚಾರ್ಜ್. ಯುರಾಲಜಿಯವರು ಓದುವುದು ಮೊದಲ ಪಾಯಿಂಟ್. ನಾಡ್ಯೂಲ್ ಎರಡನೇ ಪುಟದ ವಿವರಣೆಯಲ್ಲಿ ಮಲಗಿದ್ದರೆ, ಆ ಕಾಗದ ಮತ್ತೆ ಅದೇ ಪ್ಲಾಸ್ಟಿಕ್ ಕವರಿಗೆ ಸೇರಿ ಮಂಚದ ಕೆಳಗೆ ಹೋಗುತ್ತಿತ್ತು. ಫೋನ್ ಹೋದದ್ದರಿಂದ ಡಿಸ್ಚಾರ್ಜ್‌ಗೆ ಮೊದಲೇ ಎದೆಯ ಸಿಟಿ ಆಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲೂ ನಾಡ್ಯೂಲ್ ಬಂತು. "ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಿದೆ, ಏನೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಬೇಕು" ಎಂದು ಮಗನಿಗೂ ಅಪ್ಪನಿಗೂ ಕೂರಿಸಿ ಹೇಳಿದರು.

ಆಮೇಲೆ

ಎದೆಯ ಸಿಟಿಯಲ್ಲಿ ನಾಡ್ಯೂಲಿನ ಅಂಚು ಸ್ವಲ್ಪ ಉಬ್ಬುತಗ್ಗಾಗಿತ್ತು. ಮೇಲ್ಭಾಗದಲ್ಲಿ ಎಂಫಿಸೀಮಾ. ಬಲ ತುದಿಯಲ್ಲಿ ಗಾಯದ ಗೆರೆಗಳು, ಕ್ಯಾಲ್ಸಿಯಂ ಚುಕ್ಕೆಗಳು. ಅದು ಹಳೇ ಟಿಬಿಯ ಗುರುತು, ನಾಡ್ಯೂಲಿನಿಂದ ತುಂಬಾ ದೂರ. ನೋಡ್‌ಗಳು ದೊಡ್ಡದಾಗಿರಲಿಲ್ಲ.

ಪೆಟ್ ಸಿಟಿ ಮಾಡಿಸೋಣ ಎಂಬ ಮಾತು ಬಂತು. 8 ಮಿ.ಮೀ. ಕೆಳಗೆ, ಅದೂ ಉಸಿರಿಗೆ ಅಲುಗುವ ತಳದಲ್ಲಿ, ಪೆಟ್ ನೆಗೆಟಿವ್ ಬಂದರೆ ನಂಬುವ ಹಾಗಿಲ್ಲ. ಟಿಬಿ ಇರುವ ಕಡೆ ಪಾಸಿಟಿವ್ ಬಂದರೂ ಅಷ್ಟೇ. ಸಿಟಿ ಗೈಡೆಡ್ ಬಯಾಪ್ಸಿಗೆ ನಾಡ್ಯೂಲ್ ಚಿಕ್ಕದು, ಎಂಫಿಸೀಮಾ ಇರುವವರಿಗೆ ನ್ಯೂಮೊಥೊರಾಕ್ಸ್ ಭಯ ಬೇರೆ. ಸರ್ಜನ್ ನಮ್ಮನ್ನು ಕೇಳಿದ್ದು ಒಂದೇ: ಪ್ಲೂರಾದಿಂದ ಎಷ್ಟು ಆಳ? 9 ಮಿ.ಮೀ. ರಿಪೋರ್ಟಿನಲ್ಲಿ ನಾವು ಅದನ್ನು ಬರೆದಿರಲಿಲ್ಲ, ಬರೆಯಬೇಕಿತ್ತು. ಆಪರೇಷನ್ ದಿನ ಬೆಳಿಗ್ಗೆ ಸಿಟಿಯಲ್ಲಿ ಹುಕ್ ವೈರ್ ಹಾಕಿ ಕಳಿಸಿದೆವು. ವ್ಯಾಟ್ಸ್‌ನಲ್ಲಿ ವೆಡ್ಜ್ ರಿಸೆಕ್ಷನ್ ಆಯಿತು.

ಪೆಥಾಲಜಿ: ಅಡಿನೊಕಾರ್ಸಿನೋಮಾ, 8 ಮಿ.ಮೀ. ಮಾರ್ಜಿನ್ ಕ್ಲಿಯರ್, ತೆಗೆದ ನೋಡ್‌ಗಳು ನೆಗೆಟಿವ್. 1 ಸೆಂ.ಮೀ. ಒಳಗಿರುವುದರಿಂದ T1a.

ಅವರ ಫಾಲೋ ಅಪ್ ಸಿಟಿ ಆರು ತಿಂಗಳಿಗೊಮ್ಮೆ ನಮ್ಮಲ್ಲೇ ಆಗುತ್ತದೆ. ಓದುವವರು ನೆನಪಿಡಿ: ಎಡ ತಳದಲ್ಲಿ ಸ್ಟೇಪಲ್ ಸಾಲಿನ ಉದ್ದಕ್ಕೂ ಸ್ವಲ್ಪ ದಪ್ಪ ಕಾಣುತ್ತದೆ, ಅದು ಆಪರೇಷನ್‌ನದು. ಅದು ಒಂದು ಕಡೆ ಉಂಡೆಯಾಗಿ ಬೆಳೆಯುತ್ತಿದೆಯೇ ಎಂದು ಹಿಂದಿನ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿ. ಹಳೇ ಸಿಡಿಯ ಚಿತ್ರಗಳನ್ನು ಪ್ಯಾಕ್ಸ್‌ಗೆ ಹಾಕಿಸಿದ್ದೇವೆ. ಸ್ಟೋರ್ ರೂಮಿಗೆ ಹೋಗಬೇಕಿಲ್ಲ.