ಅಸ್ವಸ್ಥರಾಗಿರುವ ತಾಯಿಗಾಗಿ ದೈವಿಕ ಕರುಣೆಯ ಜಪಸರ

ಸಂತ ಫೌಸ್ಟಿನಾರಿಗೆ 1935ರಲ್ಲಿ ಯೇಸುಸ್ವಾಮಿ ಕಲಿಸಿಕೊಟ್ಟ ಈ ಪ್ರಾರ್ಥನೆಯನ್ನು ಮರಣಶಯ್ಯೆಯಲ್ಲಿರುವ ನಮ್ಮ ತಾಯಿಯವರಿಗಾಗಿ, ಅವರ ಕೈಹಿಡಿದು, ಅವಸರವಿಲ್ಲದೆ ಅರ್ಪಿಸೋಣ.

ಪಿತನ, ಪುತ್ರನ ಹಾಗೂ ಪವಿತ್ರಾತ್ಮರ ನಾಮದಲ್ಲಿ, ಆಮೆನ್.

ಯೇಸುವೇ, ನೀವು ಪ್ರಾಣಬಿಟ್ಟಾಗ ಆತ್ಮಗಳಿಗಾಗಿ ಜೀವದ ಬುಗ್ಗೆ ಚಿಮ್ಮಿತು, ಇಡೀ ಜಗತ್ತಿಗಾಗಿ ಕರುಣೆಯ ಸಾಗರ ತೆರೆಯಿತು.

ಯೇಸುವಿನ ಹೃದಯದಿಂದ ನಮಗಾಗಿ ಕರುಣೆಯ ಬುಗ್ಗೆಯಾಗಿ ಹರಿದ ರಕ್ತವೇ, ನೀರೇ, ನಿಮ್ಮಲ್ಲಿ ಭರವಸೆಯಿಡುತ್ತೇನೆ. (ಮೂರು ಸಲ)

ಈಗ ಪರಲೋಕ ಮಂತ್ರ, ನಮೋ ಮರಿಯಾ, ಪ್ರೇಷಿತರ ವಿಶ್ವಾಸ ಪ್ರಮಾಣ.

ಪ್ರತಿ ದಶಕದ ಮೊದಲಿನ ದೊಡ್ಡ ಮಣಿಯಲ್ಲಿ:
ನಿತ್ಯ ಪಿತನೇ, ನಮ್ಮ ಪಾಪಗಳಿಗೂ ಇಡೀ ಜಗತ್ತಿನ ಪಾಪಗಳಿಗೂ ಪ್ರಾಯಶ್ಚಿತ್ತವಾಗಿ, ನಿಮ್ಮ ಅತಿಪ್ರಿಯ ಪುತ್ರರೂ ನಮ್ಮ ಪ್ರಭುವೂ ಆದ ಯೇಸುಕ್ರಿಸ್ತರ ಶರೀರವನ್ನೂ ರಕ್ತವನ್ನೂ ಆತ್ಮವನ್ನೂ ದೈವತ್ವವನ್ನೂ ನಿಮಗೆ ಸಮರ್ಪಿಸುತ್ತೇನೆ.

ಹತ್ತು ಚಿಕ್ಕ ಮಣಿಗಳಲ್ಲಿ:
ಮುನ್ನಡೆಸುವವರು: ಯೇಸುವಿನ ಯಾತನಾಮಯ ಪಾಡುಗಳ ಸಲುವಾಗಿ,
ಎಲ್ಲರೂ: ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ ಕರುಣೆ ತೋರಿರಿ.

ಐದು ದಶಕಗಳ ನಂತರ, ಮೂರು ಸಲ:
ಪರಿಶುದ್ಧ ದೇವರೇ, ಪರಿಶುದ್ಧ ಸರ್ವಶಕ್ತರೇ, ಪರಿಶುದ್ಧ ಅಮರರೇ, ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ ಕರುಣೆ ತೋರಿರಿ.

ಮುಕ್ತಾಯ:
ಕರುಣೆಗೆ ಕೊನೆಯಿಲ್ಲದ, ದಯೆಯ ಭಂಡಾರ ಬತ್ತದ ನಿತ್ಯ ದೇವರೇ, ನಮ್ಮನ್ನು ಕನಿಕರದಿಂದ ನೋಡಿ, ನಿಮ್ಮ ಕರುಣೆಯನ್ನು ನಮ್ಮಲ್ಲಿ ಹೆಚ್ಚಿಸಿರಿ. ಕಷ್ಟದ ಗಳಿಗೆಯಲ್ಲಿ ನಾವು ನಿರಾಶರಾಗದೆ, ಎದೆಗುಂದದೆ, ಪ್ರೀತಿಯೂ ಕರುಣೆಯೂ ಆಗಿರುವ ನಿಮ್ಮ ಪವಿತ್ರ ಚಿತ್ತಕ್ಕೆ ದೃಢ ಭರವಸೆಯಿಂದ ನಮ್ಮನ್ನು ಒಪ್ಪಿಸಿಕೊಡುವಂತೆ ಮಾಡಿರಿ. ಆಮೆನ್.

ಯೇಸುವೇ, ನಿಮ್ಮಲ್ಲಿ ಭರವಸೆಯಿಡುತ್ತೇನೆ.