ಕಾಲೇಜು ಶಿಸ್ತು ಸಮಿತಿ ಸಭೆಯ ನಡಾವಳಿ: ರಸಾಯನಶಾಸ್ತ್ರ ಪ್ರಾಯೋಗಿಕ ಪರೀಕ್ಷೆಯಲ್ಲಿ ನಕಲು ಆರೋಪ

ಮೊದಲ ಬೈಠಕ್: 11 ಮಾರ್ಚ್ 2025, ಮಂಗಳವಾರ, ಮಧ್ಯಾಹ್ನ 2.30
ಎರಡನೇ ಬೈಠಕ್: 14 ಮಾರ್ಚ್ 2025, ಶುಕ್ರವಾರ, ಮಧ್ಯಾಹ್ನ 3.00
ಸ್ಥಳ: ಉಪಪ್ರಾಂಶುಪಾಲರ ಕೊಠಡಿ

ಹಾಜರಿದ್ದವರು: ಉಪಪ್ರಾಂಶುಪಾಲರು (ಅಧ್ಯಕ್ಷರು), ಗಣಿತ ವಿಭಾಗದ ಅಧ್ಯಾಪಕಿ, ಭಾಷಾ ವಿಭಾಗದ ಅಧ್ಯಾಪಕರು, ವಿದ್ಯಾರ್ಥಿ ಪ್ರತಿನಿಧಿ. ನಡಾವಳಿ ಬರೆದವರು ಸಮಿತಿಯ ಕಾರ್ಯದರ್ಶಿ. ಕಾರ್ಯದರ್ಶಿಗೆ ಮತವಿಲ್ಲ.

ರಸಾಯನಶಾಸ್ತ್ರದ ಅಧ್ಯಾಪಕರೂ ಈ ಸಮಿತಿಯ ಸದಸ್ಯರೇ. ಆದರೆ ದೂರು ಕೊಟ್ಟವರು ಅವರು. ದೂರು ಕೊಟ್ಟವರೇ ತೀರ್ಪು ಹೇಳುವ ಜಾಗದಲ್ಲಿ ಕೂರಬಾರದು ಎಂದು ಅವರೇ ಮೊದಲು ಹೇಳಿ ಹೊರಗುಳಿದರು. ಎರಡೂ ದಿನ ಅವರು ಸಾಕ್ಷಿಯಾಗಿ ಮಾತ್ರ ಬಂದರು.

ಇಬ್ಬರು ವಿದ್ಯಾರ್ಥಿಗಳನ್ನು ಇಲ್ಲಿ ‘ಅ’ (ವಿದ್ಯಾರ್ಥಿನಿ) ಮತ್ತು ‘ಬ’ (ವಿದ್ಯಾರ್ಥಿ) ಎಂದು ಕರೆಯಲಾಗಿದೆ. ಹೆಸರು, ನೋಂದಣಿ ಸಂಖ್ಯೆಗಳು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇವೆ. ಆರೋಪದ ನೋಟಿಸನ್ನೂ ದಾಖಲೆಗಳ ಪ್ರತಿಗಳನ್ನೂ ಮಾರ್ಚ್ 1ರಂದೇ ಇಬ್ಬರಿಗೂ ಕೊಡಲಾಗಿತ್ತು. ಜೊತೆಗೆ ಒಬ್ಬರನ್ನು ಕರೆತರಬಹುದು ಎಂದೂ ತಿಳಿಸಲಾಗಿತ್ತು. ‘ಬ’ ಜೊತೆಗೆ ತಾಯಿ ಬಂದಿದ್ದರು. ‘ಅ’ ಒಬ್ಬರೇ ಬಂದರು.

ಆರೋಪ

ಫೆಬ್ರವರಿ 25ರ ಪ್ರಾಯೋಗಿಕ ಆಂತರಿಕ ಪರೀಕ್ಷೆಗೆ 20 ಅಂಕ. ಬಾಟಲಿಯಲ್ಲಿ ಕೊಟ್ಟ ಹೈಡ್ರೋಕ್ಲೋರಿಕ್ ಆಮ್ಲದ ಪ್ರಬಲತೆ ಎಷ್ಟು ಎಂದು ಟೈಟ್ರೇಷನ್ ಮಾಡಿ ಕಂಡುಹಿಡಿಯಬೇಕಿತ್ತು. ಅಕ್ಕಪಕ್ಕ ಕೂತವರು ನೋಡಿ ಬರೆಯಬಾರದು ಅಂತಲೇ ಬೇರೆ ಬೇರೆ ಪ್ರಬಲತೆಯ ಆಮ್ಲ ಕೊಡಲಾಗಿತ್ತು. ‘ಅ’ಗೆ 14ನೇ ಬಾಟಲಿ, ‘ಬ’ಗೆ 17ನೇ ಬಾಟಲಿ. ಆದರೆ ಇಬ್ಬರ ಉತ್ತರವೂ 24.5 ಮಿ.ಲೀ. ‘ಬ’ ನಕಲು ಮಾಡಿದರು, ‘ಅ’ ತೋರಿಸಿದರು ಎಂಬುದು ದೂರು.

ಮೊದಲ ಬೈಠಕ್

ಇಬ್ಬರೂ ಆರೋಪ ಒಪ್ಪಲಿಲ್ಲ.

ಮೊದಲು ಉತ್ತರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಯಿತು. ಎರಡನೇ ಸಾಲಿನಲ್ಲಿ ‘ಅ’ ಬ್ಯುರೆಟ್‌ನ ಆರಂಭದ ರೀಡಿಂಗ್ 0.3, ಕೊನೆಯ ರೀಡಿಂಗ್ 24.7, ವ್ಯತ್ಯಾಸ 24.5 ಎಂದು ಬರೆದಿದ್ದಾರೆ. ಸರಿಯಾಗಿ ಕಳೆದರೆ 24.4 ಬರಬೇಕು. ‘ಬ’ ಹಾಳೆಯಲ್ಲೂ ಅದೇ ಸಾಲು, ಅದೇ 0.3, ಅದೇ 24.7, ಅದೇ ತಪ್ಪು ವ್ಯತ್ಯಾಸ. ಗಣಿತದ ಅಧ್ಯಾಪಕಿ ಹೇಳಿದ ಮಾತು ಇಲ್ಲಿ ದಾಖಲಾಗಬೇಕು: “ಸರಿ ಉತ್ತರ ಇಬ್ಬರಿಗೂ ಒಂದೇ ಬರಬಹುದು. ಒಂದೇ ತಪ್ಪು ಒಂದೇ ಜಾಗದಲ್ಲಿ ಬಂದರೆ ಕೇಳಲೇಬೇಕಾಗುತ್ತೆ.”

‘ಬ’ ಹೇಳಿಕೆ: “ನನ್ನ ಬಾಟಲಿಗೆ 17ರ ಲೇಬಲ್ ಇತ್ತು, ನಿಜ. ಒಳಗಡೆ 14ರ ಆಮ್ಲವೇ ಇದ್ದಿರಬಹುದಲ್ವಾ ಸರ್? ತುಂಬುವಾಗ ಅದಲು ಬದಲು ಆಗಿರಬಹುದು.” ಕಳೆಯುವ ತಪ್ಪಿನ ಬಗ್ಗೆ ಕೇಳಿದಾಗ, ಅದು ಕಾಕತಾಳೀಯ ಎಂದರು.

ಈ ಪ್ರಶ್ನೆ ನ್ಯಾಯವಾದದ್ದೇ ಎಂದು ಸಮಿತಿಗೆ ಅನ್ನಿಸಿತು. ಬಾಟಲಿ ತುಂಬಿದವರು ದೂರು ಕೊಟ್ಟ ಅಧ್ಯಾಪಕರೇ. ಅವರ ಪಟ್ಟಿಯನ್ನಷ್ಟೇ ನಂಬಿ ಮುಂದೆ ಹೋಗುವುದು ಸರಿಯಲ್ಲ. ಪರೀಕ್ಷೆಯ ದಿನವೇ ಎರಡೂ ಬಾಟಲಿಗಳನ್ನು ಟೇಪ್ ಸುತ್ತಿ, ಅಟೆಂಡರ್ ಸಹಿ ಹಾಕಿಸಿ ಬೀರುವಿನಲ್ಲಿ ಇಟ್ಟಿದ್ದರು. ಹಾಗಾಗಿ ಮತ್ತೆ ಪರೀಕ್ಷೆ ಮಾಡಿಸಲು ಸಾಧ್ಯವಾಯಿತು. ಬಾಟಲಿಗಳನ್ನು ಜೋಪಾನ ಮಾಡದೆ ತೊಳೆದಿಟ್ಟಿದ್ದರೆ ಈ ಪ್ರಕರಣ ಬರೀ ಮಾತಿನ ಮೇಲೆ ನಿಲ್ಲುತ್ತಿತ್ತು.

‘ಅ’ ಹೇಳಿಕೆ: “11.20ರ ಹೊತ್ತಿಗೆ ನನ್ನದು ಮುಗಿದಿತ್ತು ಮೇಡಂ. ಕೈಗೆ ಸೋಡಿಯಂ ಹೈಡ್ರಾಕ್ಸೈಡ್ ತಗುಲಿತ್ತು, ಬೆರಳು ಜಾರ್ತಾ ಇತ್ತು. ನಲ್ಲಿ ಹತ್ತಿರ ಹೋಗಿ ತೊಳೆದುಕೊಂಡೆ. ಹಾಳೆ ಟೇಬಲ್ ಮೇಲೇ ಇತ್ತು. ಯಾರಿಗೂ ತೋರಿಸಿಲ್ಲ.” ಅವರು ಬಂದು ಒರೆಸಿಕೊಳ್ಳಲು ಬಟ್ಟೆ ಕೇಳಿದ್ದು ನೆನಪಿದೆ, ಐದು ನಿಮಿಷವಾದರೂ ನಲ್ಲಿ ಹತ್ತಿರ ಇದ್ದರು ಎಂದು ಅಟೆಂಡರ್ ಹೇಳಿದರು.

ಬಾಟಲಿಗಳ ಮರುಪರೀಕ್ಷೆ, ಮಾರ್ಚ್ 12

ಪಟ್ಟಿಯನ್ನು ನೋಡಿರದ ಬೇರೊಬ್ಬ ಅಧ್ಯಾಪಕಿ ಇದನ್ನು ಮಾಡಿದರು. ‘ಅ’, ‘ಬ’ ಮತ್ತು ವಿದ್ಯಾರ್ಥಿ ಪ್ರತಿನಿಧಿ ಪಕ್ಕದಲ್ಲೇ ನಿಂತಿದ್ದರು. ಟೇಪ್ ಹರಿದಿಲ್ಲ ಎಂದು ಎಲ್ಲರೂ ನೋಡಿ ಸಹಿ ಹಾಕಿದರು.

ಪರೀಕ್ಷೆಯಂತೆ ಇಲ್ಲೂ ಬ್ಯುರೆಟ್‌ನಲ್ಲಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, ಸೂಚಕ ಫಿನಾಲ್ಫ್ತಲೀನ್. ಉಳಿದ ಆಮ್ಲ ಕಡಿಮೆ ಇದ್ದುದರಿಂದ 10 ಮಿ.ಲೀ. ಪಿಪೆಟ್ ಬಳಸಲಾಯಿತು. 14ನೇ ಬಾಟಲಿಯ ಆಮ್ಲಕ್ಕೆ 9.8 ಮಿ.ಲೀ. ಹಿಡಿಯಿತು. 17ನೇ ಬಾಟಲಿಯದನ್ನು ಮೂರು ಸಲ ಮಾಡಿದರು, ಮೂರು ಸಲವೂ 8.2. ಪರೀಕ್ಷೆಯಲ್ಲಿ ಬಳಸಿದ್ದು 25 ಮಿ.ಲೀ. ಪಿಪೆಟ್. ಆ ಲೆಕ್ಕದಲ್ಲಿ 14ಕ್ಕೆ 24.5, 17ಕ್ಕೆ 20.5 ಬರಬೇಕು. ಅಂದರೆ ಲೇಬಲ್‌ಗಳು ಸರಿಯಾಗಿಯೇ ಇದ್ದವು.

ಟೈಟ್ರೇಷನ್‌ಗಿಂತ ಮೊದಲು ಉಳಿದ ಆಮ್ಲವನ್ನು ಅಳತೆಯ ಜಾಡಿಯಲ್ಲಿ ಅಳೆಯಲಾಗಿತ್ತು. ಸಮಿತಿ ಹೆಚ್ಚು ಹೊತ್ತು ಚರ್ಚಿಸಿದ್ದು ಇದನ್ನೇ. ಪ್ರತಿ ಬಾಟಲಿಗೂ 100 ಮಿ.ಲೀ. ತುಂಬಿ ಕೊಟ್ಟಿದ್ದರು. 14ರಲ್ಲಿ ಉಳಿದದ್ದು 16 ಮಿ.ಲೀ. ಮೂರು ಪಿಪೆಟ್‌ಗೆ 75 ಹೋದರೆ, ಪಿಪೆಟ್ ತೊಳೆಯಲು ಒಂದಿಷ್ಟು ಹೋದರೆ ಇಷ್ಟೇ ಉಳಿಯಬೇಕು. 17ರಲ್ಲಿ ಉಳಿದದ್ದು 41. ವ್ಯತ್ಯಾಸ ಸರಿಯಾಗಿ 25, ಅಂದರೆ ಒಂದು ಪಿಪೆಟ್. ‘ಬ’ ಮೂರು ಸಲ ಮಾಡಿದೆ ಎಂದು ಬರೆದಿದ್ದಾರೆ. ಬಾಟಲಿಯ ಪ್ರಕಾರ ಮಾಡಿದ್ದು ಎರಡೇ ಸಲ. ಇಬ್ಬರೂ 14ರಿಂದಲೇ ಆಮ್ಲ ತೆಗೆದಿರಬಹುದೇ ಎಂದೂ ಯೋಚಿಸಲಾಯಿತು. ಅದಕ್ಕೆ 150 ಮಿ.ಲೀ. ಬೇಕು. ಬಾಟಲಿಯಲ್ಲಿ ಇದ್ದದ್ದೇ 100.

ಎರಡನೇ ಬೈಠಕ್

ಮರುಪರೀಕ್ಷೆಯ ವರದಿಯನ್ನು ಓದಿ ಹೇಳಲಾಯಿತು. ಎರಡು ವಾರದಲ್ಲಿ ಆಮ್ಲ ಆರಿಹೋಗಿ ಲೆಕ್ಕ ತಪ್ಪಿರಬಹುದೇ ಎಂದು ‘ಬ’ ತಾಯಿ ಕೇಳಿದರು. ಮುಚ್ಚಳ ಬಿಗಿಯಾಗಿತ್ತು, ಎರಡೂ ಬಾಟಲಿ ಒಂದೇ ಕಡೆ ಇದ್ದವು, ನೀರು ಆರಿದ್ದರೂ ಪ್ರಬಲತೆ ಜಾಸ್ತಿ ಆಗಬೇಕಿತ್ತೇ ಹೊರತು ಕಡಿಮೆ ಅಲ್ಲ ಎಂದು ಪರೀಕ್ಷೆ ಮಾಡಿದ ಅಧ್ಯಾಪಕಿ ವಿವರಿಸಿದರು. ತಾಯಿ ಅದನ್ನು ಒಪ್ಪಿದರು.

ಆಮೇಲೆ ಅಧ್ಯಕ್ಷರು ‘ಬ’ ಕಡೆ ತಿರುಗಿ, “ನೋಡಪ್ಪಾ, ಅವಸರ ಇಲ್ಲ. ಇನ್ನೇನಾದರೂ ಹೇಳೋದಿದ್ದರೆ ಹೇಳು. ಹೇಳದಿದ್ದರೂ ಅದು ನಿನ್ನ ಹಕ್ಕು” ಎಂದರು. ‘ಬ’ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಹೇಳಿದ್ದು ಇದು:

“ಎರಡು ಸಲ ಮಾಡಿದೆ ಸರ್. ಎರಡು ಸಲವೂ ಜಾಸ್ತಿ ಬಿಟ್ಟುಬಿಟ್ಟೆ. ತಿಳಿ ಗುಲಾಬಿ ಬರಬೇಕಿತ್ತು, ಒಮ್ಮೆಲೇ ಕಡು ಗುಲಾಬಿ ಆಯ್ತು. ಟೈಮ್ ಇರಲಿಲ್ಲ. ಅವಳು ನಲ್ಲಿ ಹತ್ತಿರ ಹೋಗಿದ್ದಳು. ಹಾಳೆ ಕಾಣ್ತಾ ಇತ್ತು. ಬರೆದುಕೊಂಡೆ. ಅವಳು ತೋರಿಸಿಲ್ಲ. ಅವಳಿಗೆ ಗೊತ್ತೇ ಇಲ್ಲ.”

ಅವರ ಕಚ್ಚಾ ಹಾಳೆಯಲ್ಲಿ ಎರಡು ಸಂಖ್ಯೆಗಳನ್ನು ಗೀಚಿ ಹಾಕಲಾಗಿದೆ. ಬೆಳಕಿಗೆ ಹಿಡಿದರೆ ಒಂದರಲ್ಲಿ 21 ಎಂದು ಓದಬಹುದು, ದಶಮಾಂಶದ ನಂತರದ್ದು ಕಾಣುವುದಿಲ್ಲ. 20.5 ಬರಬೇಕಾದ ಕಡೆ ಸ್ವಲ್ಪ ಜಾಸ್ತಿ ಬಿಟ್ಟರೆ ಬರುವ ಸಂಖ್ಯೆ ಅದು. ಅವರ ಮಾತಿಗೆ ಇದು ಹೊಂದುತ್ತದೆ.

ಸಮಿತಿ ಪರಿಗಣಿಸದ ಸಂಗತಿಗಳು

‘ಬ’ ಹಿಂದೆಯೂ ನಕಲು ಮಾಡಿದ್ದಾರೆ ಎಂಬ ಸಹಿ ಇಲ್ಲದ ಪತ್ರವೊಂದು ಮಾರ್ಚ್ 10ರಂದು ಬಂದಿತ್ತು. ಬರೆದವರನ್ನು ಪ್ರಶ್ನಿಸುವ ಅವಕಾಶ ‘ಬ’ಗೆ ಇಲ್ಲ. ಅದನ್ನು ಬದಿಗಿಡಲಾಗಿದೆ. ಇಬ್ಬರೂ ಹಿಂದಿನ ದಿನ ಒಟ್ಟಿಗೆ ಓದುತ್ತಿದ್ದರು ಎಂದು ದೂರಿನಲ್ಲಿದೆ. ಒಟ್ಟಿಗೆ ಓದುವುದು ತಪ್ಪಲ್ಲ, ಅದರಿಂದ ಏನೂ ಸಾಬೀತಾಗುವುದೂ ಇಲ್ಲ.

ತೀರ್ಮಾನ ಮತ್ತು ಕಾರಣಗಳು

ಇದು ನ್ಯಾಯಾಲಯವಲ್ಲ. ಆರೋಪದಂತೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಸಾಕ್ಷ್ಯದಿಂದ ಕಂಡರೆ ಸಾಕು. ಆದರೂ ಒಬ್ಬ ವಿದ್ಯಾರ್ಥಿಯ ಮುಂದಿನ ದಾರಿ ಇದರಲ್ಲಿದೆ. ಬರೀ ಅನುಮಾನ ಸಾಲದು ಎಂದು ಸಮಿತಿ ಮೊದಲೇ ಮಾತಾಡಿಕೊಂಡಿತ್ತು.

‘ಅ’ ವಿಷಯದಲ್ಲಿ: ಆರೋಪ ಸಾಬೀತಾಗಿಲ್ಲ. ಹಾಳೆಗಳು ಒಂದೇ ಥರ ಇವೆ ಎಂಬುದರಿಂದ ನಕಲು ಆಗಿದೆ ಎಂದು ಗೊತ್ತಾಗುತ್ತದೆ. ತೋರಿಸಿದರು ಎಂದು ಗೊತ್ತಾಗುವುದಿಲ್ಲ. ಅವರು ಜಾಗದಲ್ಲಿ ಇರಲಿಲ್ಲ ಎಂಬುದನ್ನು ಅಟೆಂಡರ್ ಹೇಳಿದ್ದಾರೆ, ‘ಬ’ ಕೂಡ ಹೇಳಿದ್ದಾರೆ. ತಡೆಹಿಡಿದಿದ್ದ ಅಂಕಗಳನ್ನು ಕೂಡಲೇ ಕೊಡಬೇಕು. ಕಳೆಯುವ ತಪ್ಪಿಗೆ ಎಷ್ಟು ಅಂಕ ಕಡಿತ ಎಂಬುದು ವಿಭಾಗಕ್ಕೆ ಬಿಟ್ಟದ್ದು. ಎರಡು ವಾರ ಈ ಹುಡುಗಿ ಆರೋಪ ಹೊತ್ತುಕೊಂಡು ತರಗತಿಗೆ ಬಂದಿದ್ದಾರೆ. ಆರೋಪದಿಂದ ಮುಕ್ತರು ಎಂದು ಅಧ್ಯಕ್ಷರ ಸಹಿಯ ಪತ್ರ ಅವರಿಗೆ ಸಲ್ಲಬೇಕು ಎಂದು ಎಲ್ಲರೂ ಒಪ್ಪಿದರು.

‘ಬ’ ವಿಷಯದಲ್ಲಿ: ಆರೋಪ ಸಾಬೀತಾಗಿದೆ. ನಾಲ್ವರೂ ಒಮ್ಮತ. ಅವರು ಒಪ್ಪಿಕೊಳ್ಳದಿದ್ದರೂ ತೀರ್ಮಾನ ಇದೇ ಆಗುತ್ತಿತ್ತು. ಬಾಟಲಿಯ ಆಮ್ಲದಿಂದ 24.5 ಬರಲು ಸಾಧ್ಯವಿರಲಿಲ್ಲ, ಮೂರನೇ ಪಿಪೆಟ್ ತೆಗೆದೇ ಇರಲಿಲ್ಲ, ಪಕ್ಕದವರ ತಪ್ಪು ಹಾಗೇ ಇಳಿದು ಬಂದಿತ್ತು.

ಶಿಕ್ಷೆ ಎಷ್ಟು ಎಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಮೊದಲ ದಿನ ಸುಳ್ಳು ಹೇಳಿ, ತಪ್ಪನ್ನು ಬಾಟಲಿ ತುಂಬಿದವರ ಮೇಲೆ ಹಾಕಿದ್ದು ಗಂಭೀರ, ಈ ಸೆಮಿಸ್ಟರ್‌ನ ರಸಾಯನಶಾಸ್ತ್ರ ಪರೀಕ್ಷೆಗೇ ಕೂರಿಸಬಾರದು ಎಂಬುದು ಭಾಷಾ ಅಧ್ಯಾಪಕರ ಅಭಿಪ್ರಾಯ. ಅವರ ಕೋರಿಕೆಯಂತೆ ಇದನ್ನು ದಾಖಲಿಸಿದೆ. ಉಳಿದ ಮೂವರು ಹೇಳಿದ್ದು: ಇದು ಮೊದಲ ತಪ್ಪು, ಮೊದಲೇ ಯೋಚಿಸಿ ಮಾಡಿದ್ದಲ್ಲ, ಒಪ್ಪಿಕೊಂಡಾಗ ಸಹಪಾಠಿಯನ್ನು ಬಿಡಿಸಿಯೇ ಮಾತಾಡಿದರು. 20 ಅಂಕದ ತಪ್ಪಿಗೆ ಇಡೀ ಸೆಮಿಸ್ಟರ್ ಹೋಗುವುದು ಜಾಸ್ತಿಯಾಯಿತು. ಮೂರು-ಒಂದು ಮತದಿಂದ ಈ ಕೆಳಗಿನಂತೆ ನಿರ್ಧರಿಸಲಾಯಿತು.

ಈ ಪ್ರಾಯೋಗಿಕ ಪರೀಕ್ಷೆಗೆ ‘ಬ’ಗೆ ಸೊನ್ನೆ ಅಂಕ, ಮರುಪರೀಕ್ಷೆ ಇಲ್ಲ. ಲಿಖಿತ ಎಚ್ಚರಿಕೆಯನ್ನು ಅವರ ಕಡತದಲ್ಲಿ ಒಂದು ವರ್ಷ ಇಟ್ಟು, ಬೇರೆ ತಪ್ಪು ಇಲ್ಲದಿದ್ದರೆ ತೆಗೆದುಹಾಕಬೇಕು. ಅಮಾನತು ಇಲ್ಲ. ತಾನು ಹೇಳಿದ ಮಾತಿನಿಂದ ಹೆಸರು ಕೆಟ್ಟ ಅಧ್ಯಾಪಕರಿಗೆ ಕ್ಷಮೆ ಪತ್ರ ಬರೆಯುತ್ತೇನೆ ಎಂದು ‘ಬ’ ತಾವಾಗಿಯೇ ಹೇಳಿದರು. ಅದನ್ನು ಶಿಕ್ಷೆಯ ಭಾಗವಾಗಿ ಸೇರಿಸಿಲ್ಲ.

ತೀರ್ಪಿನ ಪ್ರತಿ ಕೈಸೇರಿದ 15 ದಿನದೊಳಗೆ ಪ್ರಾಂಶುಪಾಲರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದು ‘ಬ’ ಮತ್ತು ತಾಯಿಗೆ ಬಾಯಿಮಾತಿನಲ್ಲೂ ತಿಳಿಸಲಾಯಿತು.

ವಿಭಾಗಕ್ಕೆ ಸೂಚನೆ

ಆ ದಿನ 32 ವಿದ್ಯಾರ್ಥಿಗಳಿಗೆ ಒಬ್ಬರೇ ಮೇಲ್ವಿಚಾರಕರಿದ್ದರು. ಮುಂದಿನ ಪರೀಕ್ಷೆಯಿಂದ ಇಬ್ಬರು ಇರಬೇಕು. ಜಾಗ ಬಿಟ್ಟು ಏಳುವವರು ಹಾಳೆಯನ್ನು ಮೇಲ್ವಿಚಾರಕರ ಕೈಗೆ ಕೊಟ್ಟು ಹೋಗಬೇಕು. ಬಾಟಲಿಗಳಿಗೆ ಟೇಪ್ ಸುತ್ತಿ ಇಡುವ ಪದ್ಧತಿಯನ್ನು ಎಲ್ಲಾ ಲ್ಯಾಬ್‌ಗಳಲ್ಲೂ ತರಬೇಕು.

ಸಭೆ ಸಂಜೆ 5.10ಕ್ಕೆ ಮುಗಿಯಿತು. ನಡಾವಳಿಯನ್ನು ಓದಿ ಹೇಳಿ, ನಾಲ್ವರು ಸದಸ್ಯರೂ ಒಪ್ಪಿ ಸಹಿ ಮಾಡಿದ್ದಾರೆ.