ಚಿಕ್ಕಪ್ಪನವರಿಗೆ ಒಂದು ಡಬ್ಬಿ ಕ್ರೀಮು

ಪ್ರೀತಿಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಈ ಪತ್ರದ ಜೊತೆಗೆ ಒಂದು ಡಬ್ಬಿ ಮಾಯಿಶ್ಚರೈಸರ್ ಕಳುಹಿಸಿದ್ದೇನೆ. ಅದು ಚಿಕ್ಕಮ್ಮನ ಕಪಾಟಿಗೆ ದಾಟಿಹೋಗುವ ಮೊದಲು ದಯವಿಟ್ಟು ಪತ್ರವನ್ನು ಪೂರ್ತಿ ಓದಿ.

ಕಳೆದ ತಿಂಗಳು ನಾನು ಬಂದಿದ್ದಾಗ ನೀವು ಸ್ನಾನ ಮುಗಿಸಿ ಕುರ್ಚಿಯಲ್ಲಿ ಕುಳಿತು ಮೊಣಕಾಲಿನ ಕೆಳಗೆ ಕೆರೆದುಕೊಳ್ಳುತ್ತಿದ್ದಿರಿ; ಉಗುರು ಹಾದಲ್ಲೆಲ್ಲ ಸೀಮೆಸುಣ್ಣದಿಂದ ಎಳೆದಂತೆ ಬಿಳಿ ಗೆರೆಗಳು ಮೂಡುತ್ತಿದ್ದವು. ಕೇಳಿದರೆ, ವಯಸ್ಸಾಯಿತು ಎಂದು ತಳ್ಳಿಹಾಕಿದಿರಿ. ವಯಸ್ಸಾದಂತೆ ಚರ್ಮದ ಎಣ್ಣೆಯಂಶ ತಗ್ಗುವುದು ನಿಜವೇ. ಆದರೆ ಉಳಿದಷ್ಟನ್ನೂ ದಿನವೂ ತೊಳೆದು ಹಾಕುತ್ತಿರುವುದು ನಿಮ್ಮ ಸುಡುನೀರು ಮತ್ತು ಸಾಬೂನು.

ಇಷ್ಟು ವರ್ಷ ಕಟ್ಟಡದ ಕೆಲಸ ಮಾಡಿಸಿದ ನಿಮಗೆ ಇದನ್ನು ವಿವರಿಸುವುದು ಸುಲಭ. ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳ ಹಾಗೆ ಕೂತಿರುತ್ತವೆ, ಅವುಗಳ ನಡುವೆ ಗಾರೆಯ ಹಾಗೆ ಕೊಬ್ಬಿನಂಶವಿರುತ್ತದೆ. ಆ ಗಾರೆ ಸವೆದರೆ ಒಳಗಿನ ತೇವ ಆರಿಹೋಗಿ ಚರ್ಮ ಬಿರಿಯುತ್ತದೆ. ಕಾಂಕ್ರೀಟು ಹಾಕಿದ ಮೇಲೆ ಕಂಬಗಳಿಗೆ ಒದ್ದೆ ಗೋಣಿ ಸುತ್ತಿಸಿ, ಕ್ಯೂರಿಂಗ್ ತಪ್ಪಿಸಿದವರನ್ನು ನೀವು ಹೇಗೆ ಗದರುತ್ತಿದ್ದಿರಿ ಎಂಬುದು ನನಗಿನ್ನೂ ನೆನಪಿದೆ. ಈ ಕ್ರೀಮಿನ ಕೆಲಸವೂ ಅಂಥದ್ದೇ: ಇದರಲ್ಲಿರುವ ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿ ಅದು ಆವಿಯಾಗದಂತೆ ಮೇಲೆ ಮುಚ್ಚುತ್ತದೆ. ಆದ್ದರಿಂದಲೇ ಟವೆಲಿನಿಂದ ಉಜ್ಜದೆ ಮೃದುವಾಗಿ ಒತ್ತಿ ಒರೆಸಿಕೊಂಡು, ಮೈ ಇನ್ನೂ ತುಸು ಒದ್ದೆಯಿರುವಾಗಲೇ, ಅಂದರೆ ಎರಡು ಮೂರು ನಿಮಿಷಗಳೊಳಗೆ, ಹಚ್ಚಿಕೊಳ್ಳಬೇಕು. ಪೂರ್ತಿ ಆರಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಹೆಚ್ಚು ಉಳಿದಿರುವುದಿಲ್ಲ.

ಇನ್ನು ಗಡ್ಡದ ವಿಷಯ. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಸ್ವಲ್ಪ ಹೆರೆಯುತ್ತದೆ. ಅದರ ಮೇಲೆ ನೀವು ಮದ್ಯಸಾರವಿರುವ ಲೋಷನ್ ಸುರಿದು, ಉರಿದರೆ ಒಳ್ಳೆಯದು ಎನ್ನುತ್ತೀರಿ. ಆ ಉರಿ ಗುಣಪಡಿಸುವುದರ ಗುರುತಲ್ಲ, ಕೆರಳಿದ ಚರ್ಮದ ದೂರು. ಅದರ ಬದಲು ಬಟಾಣಿ ಕಾಳಿನಷ್ಟು ಕ್ರೀಮು ಸಾಕು. ಹೆಚ್ಚು ಬಳಿದುಕೊಂಡರೆ ಮಾತ್ರ ನೀವು ಅಂಜುವ ಜಿಡ್ಡು. ಪರಿಮಳದ ಬಗ್ಗೆಯೂ ಚಿಂತೆ ಬೇಡ, ಕೆಲವರ ಚರ್ಮವನ್ನು ಕೆರಳಿಸುವುದು ಆ ಸುಗಂಧವೇ ಆದ್ದರಿಂದ ವಾಸನೆಯಿಲ್ಲದ್ದನ್ನೇ ಆರಿಸಿದ್ದೇನೆ. ಆದರೂ ಮೊದಲು ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ. ಗಂಡಸರಿಗೇಕೆ ಇದೆಲ್ಲ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ತುರಿಕೆ ಹಾಗೆಂದು ಯಾರನ್ನೂ ಬಿಟ್ಟಿಲ್ಲ.

ನನ್ನ ಮಾತನ್ನು ನಂಬಲೇಬೇಕೆಂದೇನೂ ಇಲ್ಲ. ಹದಿನೈದು ದಿನ ಬಲಗಾಲಿಗೆ ಮಾತ್ರ ಹಚ್ಚಿ, ಎಡಗಾಲನ್ನು ಹಾಗೆಯೇ ಬಿಡಿ. ಮುಂದಿನ ಬಾರಿ ನಾನು ಬಂದಾಗ ಎರಡರ ಮೇಲೂ ಉಗುರಿನಿಂದ ಒಂದೊಂದು ಗೆರೆ ಎಳೆದು ನೋಡೋಣ. ವ್ಯತ್ಯಾಸ ಕಾಣದಿದ್ದರೆ ಡಬ್ಬಿಯನ್ನು ನಾನೇ ವಾಪಸು ಒಯ್ಯುತ್ತೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ,
ರಘು